ಕೆಲಸ ಕೇಳದ ಕಾಗದ

ಸಾಗರದ ಕಡೆಯ ಹುಡುಗಿಯೊಬ್ಬಳು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದಾಳೆ ಎಂದಿಟ್ಟುಕೊಳ್ಳಿ. ರಾಣೆಬೆನ್ನೂರಿನ ಸುತ್ತ ಹೈಬ್ರಿಡ್ ಬೀಜ ಬೆಳೆಸುವ ಕಂಪನಿಗಳಿವೆ ಎಂದು ಅವಳಿಗೆ ಗೊತ್ತು. ಅಲ್ಲಿ ತನ್ನಂತೆ ಓದಿದವರು ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಾರೆ ಎಂಬುದು ಗೊತ್ತಿಲ್ಲ. ಅವಳ ಮೇಷ್ಟ್ರು ತಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರ ಮೇಲ್ ವಿಳಾಸ ಕೊಟ್ಟರು. ಅವರು ಅಂಥದೊಂದು ಕಂಪನಿಯಲ್ಲಿ ಬೀಜದ ಗುಣಮಟ್ಟ ನೋಡಿಕೊಳ್ಳುವವರು. ಹುಡುಗಿ ಆ ರಾತ್ರಿಯೇ ಬರೆಯಲು ಕೂತಳು:

“ಗೌರವಾನ್ವಿತ ಮೇಡಂ, ನಿಮ್ಮ ಸಂಸ್ಥೆಯಲ್ಲಿ ನನ್ನ ವಿದ್ಯಾರ್ಹತೆಗೆ ತಕ್ಕ ಹುದ್ದೆ ಖಾಲಿ ಇದ್ದರೆ ದಯವಿಟ್ಟು ತಿಳಿಸಿ. ರೆಸ್ಯೂಮ್ ಲಗತ್ತಿಸಿದ್ದೇನೆ.”

ವಿನಯಕ್ಕೇನೂ ಕಡಿಮೆಯಿಲ್ಲ. ಆದರೆ ಹುದ್ದೆ ಖಾಲಿ ಇಲ್ಲದಾಗ ಇದಕ್ಕೆ ಇರುವುದು ‘ಇಲ್ಲ’ ಎಂಬ ಒಂದೇ ಉತ್ತರ. ‘ಇಲ್ಲ’ ಎಂದು ಬರೆಯಲು ಯಾರಿಗೂ ಮನಸ್ಸು ಬರುವುದಿಲ್ಲ, ಹಾಗಾಗಿ ಸುಮ್ಮನಾಗುತ್ತಾರೆ. ತೀರಾ ಒಳ್ಳೆಯವರಾದರೆ ರೆಸ್ಯೂಮನ್ನು ಎಚ್.ಆರ್. ವಿಭಾಗಕ್ಕೆ ದಾಟಿಸುತ್ತಾರೆ. ಅವಳಿಗೆ ನಿಜವಾಗಿ ಬೇಕಾಗಿದ್ದ ವಿಷಯ ಎರಡರಲ್ಲೂ ಸಿಗುವುದಿಲ್ಲ.

ಹುದ್ದೆಯ ಮಾತು ಬರುವ ಮೊದಲೇ ಆ ಕೆಲಸ ಮಾಡುವವರ ಜೊತೆ ಸ್ವಲ್ಪ ಹೊತ್ತು ಮಾತಾಡಲು ಅವಕಾಶ ಕೇಳುವ ಕ್ರಮಕ್ಕೆ ಅಮೆರಿಕದಲ್ಲಿ ಒಂದು ಹೆಸರೇ ಇದೆ: ಇನ್ಫರ್ಮೇಷನಲ್ ಇಂಟರ್‌ವ್ಯೂ. ಅದನ್ನು ಜನರ ನಡುವೆ ಹರಡಿದವರಲ್ಲಿ ರಿಚರ್ಡ್ ಬೋಲ್ಸ್ ಮುಖ್ಯರು. ತಮ್ಮ ಪಾದ್ರಿ ಕೆಲಸ ಹೋದ ಮೇಲೆ, ತಮ್ಮಂತೆಯೇ ಕೆಲಸ ಕಳೆದುಕೊಂಡ ಪಾದ್ರಿಗಳಿಗೆಂದು 1970ರಲ್ಲಿ ಸ್ವಂತ ಖರ್ಚಿನಲ್ಲಿ ಪುಸ್ತಕ ಅಚ್ಚು ಹಾಕಿಸಿದವರು ಅವರು. 1973ರಲ್ಲಿ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಇನ್ನೊಂದು ಸಂಗತಿ ತೋರಿಸಿದರು. ಬಾಸ್ಟನ್ ಬಳಿಯ ನ್ಯೂಟನ್ನಿನಲ್ಲಿ ಪರಿಚಯದವರ ಮೂಲಕ ಕೆಲಸದ ಸುಳಿವು ಸಿಕ್ಕವರನ್ನು ಅವರು ವಿಚಾರಿಸಿದಾಗ, ಆರರಲ್ಲಿ ಸುಮಾರು ಐದು ಮಂದಿಗೆ ಸುಳಿವು ಕೊಟ್ಟಿದ್ದು ಆಗೊಮ್ಮೆ ಈಗೊಮ್ಮೆ ಕಾಣುವವರು. ಆಪ್ತರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ, ದೂರದವರು ಬೇರೆ ಲೋಕದ ಸುದ್ದಿ ತರುತ್ತಾರೆ. ಆದ್ದರಿಂದ ಮೇಷ್ಟ್ರ ಹಳೆಯ ವಿದ್ಯಾರ್ಥಿನಿಯಂಥ ದೂರದ ಪರಿಚಯವನ್ನು ಕಡೆಗಣಿಸಬಾರದು.

ಹುಡುಗಿ ಆ ಕಾಗದ ಕಳಿಸಲಿಲ್ಲ. ಎರಡು ದಿನ ಕೂತು ಬೀಜದ ಶುದ್ಧತೆಯ ಬಗ್ಗೆ ಓದಿದಳು. ಹೈಬ್ರಿಡ್ ಟೊಮೇಟೊ ಬೀಜ ಮಾಡುವಾಗ ತಾಯಿ ಗಿಡದ ಮೊಗ್ಗಿನಿಂದ ಕೇಸರಗಳನ್ನು ಕೈಯಲ್ಲಿ ಕಿತ್ತು, ಗಂಡು ಸಾಲಿನ ಪರಾಗವನ್ನು ತಂದು ಮುಟ್ಟಿಸುತ್ತಾರೆ. ಕೀಳುವುದು ತಡವಾದರೆ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಆ ಬೀಜ ನೋಡಲು ಒಂದೇ ಥರ, ಬಿತ್ತಿದರೆ ಮಾತ್ರ ಹುಟ್ಟುವುದು ತಾಯಿಯ ಜಾತಿಯೇ. ಇದನ್ನು ಪತ್ತೆ ಮಾಡಲು ಮಾದರಿ ಬೀಜ ಬಿತ್ತಿ ಗಿಡಗಳನ್ನು ಒಂದೊಂದಾಗಿ ನೋಡುವುದೇ ಗ್ರೋ ಔಟ್ ಟೆಸ್ಟ್. ಈಚೆಗೆ ಡಿಎನ್ಎ ಪರೀಕ್ಷೆಯೂ ಇದೆ, ಅದಕ್ಕೆ ಗಿಡ ಬೆಳೆಯುವ ತನಕ ಕಾಯಬೇಕಿಲ್ಲ. ಇಷ್ಟು ಓದಿದ ಮೇಲೆ ಅವಳಿಗೆ ಪುಸ್ತಕದಲ್ಲಿ ಸಿಗದ ಪ್ರಶ್ನೆಯೊಂದು ಹುಟ್ಟಿತು.

“ಮೇಡಂ, ನಮಸ್ಕಾರ. ನಮ್ಮ ಮೇಷ್ಟ್ರು ನಿಮಗೆ ಬರೆಯಲು ಹೇಳಿದರು. ಈ ವರ್ಷ ಎಂ.ಎಸ್ಸಿ. ಮುಗಿಸಿದೆ. ಬೀಜದ ಶುದ್ಧತೆ ಪರೀಕ್ಷಿಸುವ ಕೆಲಸ ನನಗೆ ಹಿಡಿಸುತ್ತದೆಯೇ ಎಂದು ತಿಳಿಯಬೇಕಿದೆ. ಡಿಎನ್ಎ ಪರೀಕ್ಷೆ ಬಂದ ಮೇಲೂ ಗ್ರೋ ಔಟ್ ಟೆಸ್ಟಿನಲ್ಲಿ ಕಣ್ಣಿಗೆ ಏನು ಕೆಲಸ ಉಳಿದಿದೆ ಎಂದು ನಿಮ್ಮಿಂದ ಕೇಳುವ ಆಸೆ. ಮುಂದಿನ ವಾರ ಬುಧವಾರ ಅಥವಾ ಶುಕ್ರವಾರ ಸಂಜೆ 5ರ ಮೇಲೆ ಫೋನಿನಲ್ಲಿ 20 ನಿಮಿಷ ಸಿಗಬಹುದೇ? ಬೇರೆ ಸಮಯವಾದರೂ ಸರಿ. ಮುಂದೆ ಈ ಕ್ಷೇತ್ರಕ್ಕೆ ಬರುವ ಯೋಚನೆ ಇದೆ, ಆದರೆ ಈಗ ಕೆಲಸ ಕೇಳಲು ಬರೆದಿದ್ದಲ್ಲ.”

ಮೇಷ್ಟ್ರ ಹೆಸರನ್ನು ನಾನು ಇಲ್ಲಿ ಬಿಟ್ಟಿದ್ದೇನೆ. ಕಾಗದದಲ್ಲಿ ಬಿಡಬಾರದು, ಮೊದಲ ಸಾಲಿನಲ್ಲೇ ಇರಬೇಕು. ರೆಸ್ಯೂಮ್ ಬೇಡ. ಅದು ಜೊತೆಗಿದ್ದರೆ ಕೊನೆಯ ವಾಕ್ಯವನ್ನು ಯಾರೂ ನಂಬುವುದಿಲ್ಲ. ‘ನಿಮ್ಮ ಅಮೂಲ್ಯ ಮಾರ್ಗದರ್ಶನ ಬೇಕು’ ಎಂದು ಬರೆದಿದ್ದರೆ ಎಷ್ಟು ಹೊತ್ತು, ಯಾವುದರ ಬಗ್ಗೆ ಎಂದು ಮೇಡಂ ಊಹಿಸಬೇಕಿತ್ತು. ಈ ಕಾಗದಕ್ಕಾದರೆ ‘ಶುಕ್ರವಾರ ಆಗಬಹುದು’ ಎಂದು ಊಟದ ಬಿಡುವಿನಲ್ಲಿ ಉತ್ತರಿಸಬಹುದು.

ಉತ್ತರ ಬರದಿದ್ದರೆ ವಾರ ಕಳೆದ ಮೇಲೆ ಅದೇ ಮೇಲ್‌ನ ಕೆಳಗೆ ಎರಡು ಸಾಲಿನ ನೆನಪೋಲೆ ಬರೆಯಬಹುದು. ಅದಕ್ಕೂ ಸದ್ದಿಲ್ಲದಿದ್ದರೆ ಅವರನ್ನು ಬಿಟ್ಟು ಇನ್ನೊಬ್ಬರನ್ನು ಹುಡುಕಬೇಕು. ಫೋನ್ ನಂಬರ್ ಎಲ್ಲಿಂದಲೋ ಸಂಪಾದಿಸಿ ಮಿಸ್ಡ್ ಕಾಲ್ ಕೊಡುವುದು, ಮೇಷ್ಟ್ರಿಂದ ಒತ್ತಡ ಹಾಕಿಸುವುದು ಮೇಷ್ಟ್ರ ಮರ್ಯಾದೆಗೂ ಕುತ್ತು.

ಮಾತಿಗೆ ಒಪ್ಪಿದರೆ ಅಸಲಿ ಪರೀಕ್ಷೆ ಹದಿನೆಂಟನೆಯ ನಿಮಿಷದಲ್ಲಿದೆ. ಮಾತು ಚೆನ್ನಾಗಿ ಕುದುರಿದಾಗ ‘ನಿಮ್ಮಲ್ಲಿ ಏನಾದರೂ ಓಪನಿಂಗ್ ಇದೆಯಾ ಮೇಡಂ?’ ಎಂಬುದು ನಾಲಿಗೆಯ ತುದಿಗೇ ಬರುತ್ತದೆ. ಕೇಳಿದರೆ ಕಾಗದದಲ್ಲಿ ಬರೆದದ್ದು ಸುಳ್ಳಾಗುತ್ತದೆ. ಅವರಾಗಿಯೇ ಆ ವಿಷಯ ಎತ್ತಿದರೆ ಮಾತು ಬೇರೆ. ಹುಡುಗಿ ಕೇಳಬೇಕಾದದ್ದು, ‘ಇದನ್ನು ಇನ್ನೂ ಹತ್ತಿರದಿಂದ ತಿಳಿಯಲು ನಾನು ಇನ್ಯಾರ ಹತ್ತಿರ ಮಾತಾಡಲಿ?’ ಎಂದು. ಅದಕ್ಕೆ ಸಿಗುವ ಉತ್ತರ ಒಂದು ಹೆಸರಾಗಿರಬಹುದು. ‘ಯಾರ ಹತ್ತಿರ ಯಾಕಮ್ಮ, ಪ್ಲಾಟಿನಲ್ಲಿ ಹೂ ಬಿಟ್ಟಾಗ ಬಾ, ಸಾಲಿನಲ್ಲಿ ನಡೆದು ನೀನೇ ನೋಡು’ ಎಂದೂ ಆಗಿರಬಹುದು.