ಗರ್ಭ ನಿಲ್ಲುವ ಮುನ್ನವೇ ಫೋಲಿಕ್ ಆಮ್ಲ

ಶಿಶುವಿನ ಮೆದುಳು ಹಾಗೂ ಬೆನ್ನುಹುರಿಯಾಗಿ ಬೆಳೆಯುವ ನರನಾಳವು ಗರ್ಭಾಂಕುರವಾದ ಸುಮಾರು 28 ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. ಆ ವೇಳೆಗೆ ತಾಯಿಗೆ ಮುಟ್ಟು ತಪ್ಪಿ ಎರಡು ವಾರಗಳಷ್ಟೇ ಆಗಿರುತ್ತವೆ. ಎಷ್ಟೋ ಸಲ ತಾನು ಗರ್ಭಿಣಿಯೆಂಬ ಅರಿವೂ ಆಕೆಗಿರುವುದಿಲ್ಲ. ನಾಳವು ಪೂರ್ಣ ಮುಚ್ಚದಿದ್ದರೆ ಶಿಶುವಿನ ಬೆನ್ನುಮೂಳೆ ತೆರೆದೇ ಉಳಿದು, ಕಾಲುಗಳ ಬಲವೂ ಮೂತ್ರದ ಹಿಡಿತವೂ ಕುಂದಬಹುದು. ಇದನ್ನು ಬಹುಮಟ್ಟಿಗೆ ತಡೆಯುವ ಫೋಲಿಕ್ ಆಮ್ಲವನ್ನು ಗರ್ಭಧಾರಣೆಗೆ ಕನಿಷ್ಠ ಒಂದು ತಿಂಗಳು ಮೊದಲೇ ಆರಂಭಿಸಿ, ಮೂರು ತಿಂಗಳು ತುಂಬುವವರೆಗೆ ದಿನಕ್ಕೆ 400 ಮೈಕ್ರೋಗ್ರಾಂನಂತೆ ಸೇವಿಸಬೇಕು.

ಮನೆಯ ಸೊಸೆಯು ಮೂರ್ಛೆರೋಗಕ್ಕೆ ವಾಲ್ಪ್ರೋಯೇಟ್ ಸೇವಿಸುತ್ತಿರುವಳೆನ್ನೋಣ. ಆ ಔಷಧವು ಇದೇ ದೋಷದ ಸಂಭವವನ್ನು ಹೆಚ್ಚಿಸುತ್ತದೆ. ಹಾಗೆಂದು ಮಾತ್ರೆಯನ್ನು ಥಟ್ಟನೆ ಬಿಡಿಸಿದರೆ ಮೂರ್ಛೆ ಮರುಕಳಿಸಿ ಆಕೆಯ ಪ್ರಾಣಕ್ಕೇ ಅಪಾಯವಾದೀತು. ಗರ್ಭಧಾರಣೆಯನ್ನು ಕೆಲವು ತಿಂಗಳು ಮುಂದೂಡಿ, ನರರೋಗ ತಜ್ಞರ ನಿಗಾದಲ್ಲಿ ಬೇರೆ ಔಷಧಕ್ಕೆ ಕ್ರಮೇಣ ಬದಲಾಗಬೇಕು. ಇಂಥವರಿಗೆ ವೈದ್ಯರು ಸಾಮಾನ್ಯವಾಗಿ ದಿನಕ್ಕೆ 5 ಮಿಲಿಗ್ರಾಂ ಫೋಲಿಕ್ ಆಮ್ಲ ಸೂಚಿಸುತ್ತಾರೆ.

ಈ ಬಿಡುವಿನಲ್ಲೇ ರಕ್ತಪರೀಕ್ಷೆ ಮಾಡಿಸಿ, ರುಬೆಲ್ಲಾ ರೋಗನಿರೋಧಕ ಶಕ್ತಿ ಇಲ್ಲವೆಂದಾದರೆ ಲಸಿಕೆ ಪಡೆಯಬಹುದು. ಗರ್ಭಿಣಿಯರಿಗೆ ಆ ಲಸಿಕೆ ಸಲ್ಲದು. ಆದುದರಿಂದ ಪಡೆದ ಬಳಿಕ ಒಂದು ತಿಂಗಳು ಗರ್ಭ ನಿಲ್ಲದಂತೆ ಎಚ್ಚರ ವಹಿಸಬೇಕು.