ಬೋರ್ಡಿಗೆ ಹೋದ ಏಳೂವರೆ ಕೋಟಿಯ ಮೇಲ್

ಪೀಣ್ಯದಲ್ಲಿ ಪಂಪಿನ ಬಿಡಿಭಾಗ ಮಾಡುವ ಒಂದು ಕಂಪನಿ ಇದೆ ಎಂದಿಟ್ಟುಕೊಳ್ಳಿ. ವಹಿವಾಟು ವರ್ಷಕ್ಕೆ 200 ಕೋಟಿ. ಖರೀದಿ, ಗೋದಾಮು, ಉತ್ಪಾದನೆ, ಮಾರಾಟ, ಲೆಕ್ಕಪತ್ರ ಎಲ್ಲವೂ ಒಂದೇ ಸಾಫ್ಟ್‌ವೇರಿನಲ್ಲಿ ನಡೆಯುತ್ತವೆ. ಇಂಥದ್ದಕ್ಕೇ ಇಆರ್‌ಪಿ ಎನ್ನುವುದು. ಇವರಲ್ಲಿರುವುದು ಸ್ಯಾಪ್‌ನ ಹಳೆಯ ಆವೃತ್ತಿ, ಇಸಿಸಿ 6.0. ಹಾಕಿಸಿ ಹದಿನೈದು ವರ್ಷ ದಾಟಿದೆ. ಇದನ್ನು ಬದಲಾಯಿಸಲು ಹಣ ಕೇಳಿ ಹಣಕಾಸು ಮುಖ್ಯಸ್ಥರು, ಅಂದರೆ ಸಿಎಫ್‌ಓ, ನಿರ್ದೇಶಕರಿಗೆ ಮೇಲ್ ಬರೆಯಬೇಕು. ಕಂಪನಿ ಕಲ್ಪಿತ, ಅಂಕಿಗಳೂ ಉದಾಹರಣೆಗೆ ಹಾಕಿಕೊಂಡವು. ಆದರೆ ಲೆಕ್ಕದ ಜಾಡು ಎಲ್ಲ ಕಡೆಯೂ ಹೆಚ್ಚುಕಡಿಮೆ ಇದೇ.

ಮೇಲ್‌ನ ಮೊದಲ ಸಾಲಿನಲ್ಲೇ ಕೇಳಿಕೆ ಬರಬೇಕು: “ಐದು ವರ್ಷಕ್ಕೆ ಒಟ್ಟು 7.44 ಕೋಟಿ ರೂಪಾಯಿ ವೆಚ್ಚದ ಅಂದಾಜಿಗೆ ಒಪ್ಪಿಗೆ ಬೇಕು; ಅದರಲ್ಲಿ ಈಗ ಬಿಡುಗಡೆಗೆ ಕೇಳುತ್ತಿರುವುದು 60 ಲಕ್ಷ ಮಾತ್ರ.” ನಿರ್ದೇಶಕರು ಮೇಲ್ ಓದುವುದು ಬಹುಪಾಲು ಫೋನಿನಲ್ಲಿ, ಕಾರಿನಲ್ಲಿ ಕೂತು. ಮೂರನೇ ಪ್ಯಾರಾದವರೆಗೆ ಮೊತ್ತ ಕಾಣದಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಮೊದಲು ಹುಟ್ಟುತ್ತದೆ.

ಎರಡನೆಯದು, ಈಗಲೇ ಏಕೆ ಎಂಬ ಪ್ರಶ್ನೆ. “ಸಿಸ್ಟಮ್ ಹಳೆಯದಾಯಿತು” ಎಂಬ ಉತ್ತರ ಬೋರ್ಡಿನ ಮುಂದೆ ನಿಲ್ಲುವುದಿಲ್ಲ, ನಡೆಯುತ್ತಿದೆಯಲ್ಲ ಎನ್ನುತ್ತಾರೆ. ನಿಲ್ಲುವುದು ದಿನಾಂಕ. ಇಸಿಸಿ 6.0ಗೆ ಸಾಮಾನ್ಯ ಬೆಂಬಲ 2027ರ ಕೊನೆಗೆ ಮುಗಿಯುತ್ತದೆ ಎಂದು ಸ್ಯಾಪ್ ಕಂಪನಿ 2020ರಲ್ಲೇ ಹೇಳಿದೆ. ಹೆಚ್ಚು ಹಣ ಕೊಟ್ಟರೆ 2030ರವರೆಗೆ ಎಳೆಯಬಹುದು. ಇದರಲ್ಲೂ ಒಂದು ಒಳಸುಳಿ ಇದೆ: ಈ ಗಡುವು 6ರಿಂದ 8ರವರೆಗಿನ ಎನ್‌ಹ್ಯಾನ್ಸ್‌ಮೆಂಟ್ ಪ್ಯಾಕ್ ಹಾಕಿಕೊಂಡವರಿಗೆ ಮಾತ್ರ. ಅದಕ್ಕೂ ಹಳೆಯದರಲ್ಲಿ ಇರುವವರಿಗೆ 2025ರ ಕೊನೆಗೇ ಬಾಗಿಲು ಮುಚ್ಚಿದೆ. ತಮ್ಮಲ್ಲಿ ಯಾವುದಿದೆ ಎಂದು ಐಟಿ ವಿಭಾಗವನ್ನು ಕೇಳಿ ತಿಳಿಯದೆ ಸಿಎಫ್‌ಓ ಈ ಸಾಲು ಬರೆಯಬಾರದು.

ಬೆಂಬಲ ಮುಗಿದ ಮರುದಿನ ಸಾಫ್ಟ್‌ವೇರ್ ನಿಂತುಬಿಡುವುದಿಲ್ಲ. ನಿಲ್ಲುವುದು ಕಾನೂನು ಬದಲಾದಾಗ ಬರುತ್ತಿದ್ದ ತಿದ್ದುಪಡಿಗಳು. ನಮ್ಮಲ್ಲಿ ಅದು ಸಣ್ಣ ಮಾತಲ್ಲ. 10 ಕೋಟಿಗೂ ಮೇಲಿನ ವಹಿವಾಟಿನವರು ಬಿಲ್ ಮಾಡಿದ 30 ದಿನದೊಳಗೆ ಅದನ್ನು ಜಿಎಸ್‌ಟಿಯ ಇ-ಇನ್‌ವಾಯ್ಸ್ ಪೋರ್ಟಲಿಗೆ ಏರಿಸದಿದ್ದರೆ, 2025ರ ಏಪ್ರಿಲ್ 1ರಿಂದ ಪೋರ್ಟಲ್ ಅದನ್ನು ತೆಗೆದುಕೊಳ್ಳುವುದೇ ಇಲ್ಲ. ಇಂಥ ನಿಯಮ ಬಂದಾಗಲೆಲ್ಲ ಹೊರಗಿನ ಪ್ರೋಗ್ರಾಮರ್ ಒಬ್ಬರಿಗೆ ಹಣ ಕೊಟ್ಟು ತೇಪೆ ಹಾಕಿಸಬೇಕು. ಆ ತೇಪೆಗಳ ಕೀಲಿ ಗೊತ್ತಿರುವವರು ಒಬ್ಬರೋ ಇಬ್ಬರೋ; ಅವರು ಕೆಲಸ ಬಿಟ್ಟರೆ ತಿಂಗಳ ಕೊನೆಯ ಲೆಕ್ಕ ಮುಗಿಸುವುದೇ ಕಷ್ಟ.

ಇನ್ನು ದುಡ್ಡು. ಮಾರುವವರ ಕೊಟೇಶನ್ನಿನಲ್ಲಿ ಕಾಣುವುದು ಎರಡು ಸಾಲು: ಅಳವಡಿಕೆಗೆ 2.6 ಕೋಟಿ, ವರ್ಷದ ಚಂದಾ 60 ಲಕ್ಷ. ಕೂಡಿಸಿದರೆ 3.2 ಕೋಟಿ. ಎಷ್ಟೋ ಸಿಎಫ್‌ಓಗಳು ಇದನ್ನೇ ಬೋರ್ಡಿಗೆ ಒಯ್ದು, ಮುಂದಿನ ವರ್ಷ ಮತ್ತೆ ಕೈಚಾಚುತ್ತಾರೆ. ಚಂದಾ ಐದು ವರ್ಷಕ್ಕೆ 3 ಕೋಟಿ ಆಗುತ್ತದೆ. ಹಳೆಯ ದತ್ತಾಂಶ ಶುಚಿ ಮಾಡುವುದು, ಪರೀಕ್ಷೆ, ತರಬೇತಿಗೆ 70 ಲಕ್ಷ. ಒಂದೇ ಬೇರಿಂಗು ಮೂರು ಕೋಡ್‌ಗಳಲ್ಲಿ, ಒಬ್ಬನೇ ಪೂರೈಕೆದಾರ ಎರಡು ಹೆಸರುಗಳಲ್ಲಿ ಕೂತಿರುತ್ತಾನೆ. ಅದನ್ನು ಬಿಡಿಸುವುದು ಅಂಗಡಿಯ ಸಾಫ್ಟ್‌ವೇರಲ್ಲ, ಕಂಪನಿಯ ಸ್ಟೋರ್ಸ್‌ನವರೇ. ಅವರು ಇದರಲ್ಲಿ ಕೂತಾಗ ದಿನದ ಕೆಲಸಕ್ಕೆ ಬದಲಿ ಜನ ಬೇಕು, ಅದಕ್ಕೆ 40 ಲಕ್ಷ. ಹೀಗೆ ಒಮ್ಮೆ ಮಾಡುವ ಖರ್ಚೇ 3.7 ಕೋಟಿ. ಅದರ ಮೇಲೆ ಶೇ 20 ಮೀಸಲು ಇಟ್ಟರೆ ಇನ್ನೂ 74 ಲಕ್ಷ. ಎಲ್ಲ ಸೇರಿ 7.44 ಕೋಟಿ.

ಏನೂ ಮಾಡದೆ ಕೂತರೆ? ಹಳೆಯದರ ನಿರ್ವಹಣೆ ವರ್ಷಕ್ಕೆ 45 ಲಕ್ಷ, ಹೊಸ ಸರ್ವರಿಗೆ ಒಂದು ಕೋಟಿ. ಐದು ವರ್ಷಕ್ಕೆ 3.25 ಕೋಟಿ. ಅಂದರೆ ಬದಲಾವಣೆಗೆ ಹೆಚ್ಚುವರಿ ಬೀಳುವುದು 4.19 ಕೋಟಿ.

ಇಲ್ಲಿ ಸಿಎಫ್‌ಓಗೆ ಒಂದು ಆಸೆ ಹುಟ್ಟುತ್ತದೆ. ದಾಸ್ತಾನು 40 ಕೋಟಿಯಷ್ಟಿದೆ. ಹೊಸ ವ್ಯವಸ್ಥೆಯಲ್ಲಿ ಅದು ಶೇ 5 ಇಳಿದರೆ 2 ಕೋಟಿ ಉಳಿತಾಯ ಎಂದು ಬರೆದುಬಿಡುವ ಆಸೆ. ಅದು ಲಾಭವಲ್ಲ, ಗೋದಾಮಿನಿಂದ ಬ್ಯಾಂಕಿಗೆ ಬಂದ ತಮ್ಮದೇ ಹಣ. ಲಾಭ ಅದರ ಬಡ್ಡಿ ಮಾತ್ರ: ಶೇ 10ರಂತೆ ವರ್ಷಕ್ಕೆ 20 ಲಕ್ಷ. ಐದು ವರ್ಷವೂ ಪೂರ್ತಿ ಸಿಕ್ಕಿದರೂ ಒಂದು ಕೋಟಿ. ಹೂಡಿದ್ದು ವಾಪಸು ಬರುವುದಿಲ್ಲ. ನನ್ನ ಕೇಳಿದರೆ, ಇದನ್ನು ಮೇಲ್‌ನಲ್ಲಿ ಹಾಗೆಯೇ ಬರೆಯಬೇಕು: “ಉಳಿತಾಯದ ಲೆಕ್ಕದಲ್ಲಿ ಈ ಯೋಜನೆ ಗೆಲ್ಲುವುದಿಲ್ಲ. ಬೆಂಬಲವಿಲ್ಲದ ವ್ಯವಸ್ಥೆಯಲ್ಲಿ ಬಿಲ್ಲಿಂಗ್ ನಿಂತರೆ ಆಗುವ ನಷ್ಟ ತಪ್ಪಿಸಲು ಕೇಳುತ್ತಿದ್ದೇನೆ.” ದಿನಕ್ಕೆ 65 ಲಕ್ಷದಷ್ಟು ಮಾಲು ಕಳಿಸುವ ಕಂಪನಿಯಲ್ಲಿ ಒಂದು ವಾರ ಬಿಲ್ ಆಗದಿದ್ದರೆ ನಾಲ್ಕು ಕೋಟಿಯ ಮಾಲು ಗೇಟಿನೊಳಗೇ ಉಳಿಯುತ್ತದೆ ಎಂದು ಯಾವ ನಿರ್ದೇಶಕರಿಗೂ ಬಿಡಿಸಿ ಹೇಳಬೇಕಿಲ್ಲ.

ಹೇಳಲೇಬೇಕಾದ ಇನ್ನೊಂದು ಅಹಿತದ ಸಂಗತಿ ಲಾಭನಷ್ಟದ ಪಟ್ಟಿಯದು. ಸ್ವಂತ ಸರ್ವರಿನಲ್ಲಿ ಸಾಫ್ಟ್‌ವೇರ್ ಹಾಕಿಸಿದ ಕಾಲದಲ್ಲಿ ಆ ಖರ್ಚನ್ನು ಆಸ್ತಿಯೆಂದು ತೋರಿಸಿ ವರ್ಷಗಳ ಮೇಲೆ ಹಂಚುತ್ತಿದ್ದರು. ಕ್ಲೌಡಿನಲ್ಲಿ ಬಾಡಿಗೆಗೆ ಪಡೆದರೆ ಸಾಫ್ಟ್‌ವೇರ್ ಕಂಪನಿಯ ಸ್ವತ್ತಾಗುವುದಿಲ್ಲ. ಅದನ್ನು ಹೊಂದಿಸಿಕೊಳ್ಳುವ ಖರ್ಚೂ ಬಹುಮಟ್ಟಿಗೆ ಆಯಾ ವರ್ಷದ ಲಾಭದಿಂದಲೇ ಹೋಗಬೇಕು ಎಂದು ಅಂತರರಾಷ್ಟ್ರೀಯ ಲೆಕ್ಕ ಮಾನದಂಡಗಳ ವ್ಯಾಖ್ಯಾನ ಸಮಿತಿ 2021ರಲ್ಲಿ ಹೇಳಿತು. ಬೋರ್ಡ್ ಇದನ್ನು ಮಾರ್ಚ್ ಕೊನೆಗೆ ಆಡಿಟರ್ ಬಾಯಿಂದ ಕೇಳಿದರೆ ಸಿಎಫ್‌ಓ ಪರಿಸ್ಥಿತಿ ಚೆನ್ನಾಗಿರುವುದಿಲ್ಲ.

ಅಪಾಯದ ಮಾತಿಗೆ ಬರ್ಮಿಂಗ್‌ಹ್ಯಾಮ್ ನಗರಸಭೆಯ ಕಥೆ ಸಾಕು. ಹಳೆಯ ಸ್ಯಾಪ್ ತೆಗೆದು ಒರಾಕಲ್ ಹಾಕಲು ಅವರು ಹೊರಟಾಗ ಅಂದಾಜು ಸುಮಾರು 1.9 ಕೋಟಿ ಪೌಂಡ್. 2022ರ ಏಪ್ರಿಲ್‌ನಲ್ಲಿ ಚಾಲೂ ಮಾಡಿದರು. ಸಾಫ್ಟ್‌ವೇರ್ ಬರುವ ರೀತಿಗೆ ಕೆಲಸ ಬದಲಿಸಿಕೊಳ್ಳುವ ಬದಲು, ತಮ್ಮ ಹಳೆಯ ಪದ್ಧತಿಗೆ ಅದನ್ನೇ ತಿದ್ದಿಸಿದ್ದರು. ಬ್ಯಾಂಕಿಗೆ ಬಂದ ಹಣವನ್ನು ಲೆಕ್ಕದ ಪುಸ್ತಕದೊಂದಿಗೆ ತಾಳೆ ನೋಡುವ ಭಾಗವೇ ಸರಿಯಾಗಿ ನಡೆಯಲಿಲ್ಲ. ಖರ್ಚು 10 ಕೋಟಿ ಪೌಂಡ್ ದಾಟಿತು. 2023ರ ಸೆಪ್ಟೆಂಬರಿನಲ್ಲಿ ನಗರಸಭೆ ಹೊಸ ಖರ್ಚು ನಿಲ್ಲಿಸುವ ನೋಟಿಸ್ ಹೊರಡಿಸಿತು. ಮುಖ್ಯ ಕಾರಣ ಸಮಾನ ವೇತನದ ಬಾಕಿ, ಆದರೆ ಈ ಸಾಫ್ಟ್‌ವೇರಿನ ಭಾರವೂ ಜೊತೆಗಿತ್ತು.

ಹಾಗಾಗಿ ಪೀಣ್ಯದ ಮೇಲ್‌ನಲ್ಲಿ ಹಣ ಕಂತಿನಲ್ಲಿ ಬರಬೇಕು. ಮೊದಲ 60 ಲಕ್ಷದಲ್ಲಿ ವಿನ್ಯಾಸ ಮತ್ತು ಒಂದು ತಾಲೀಮು: ಒಂದು ತಿಂಗಳ ಕೊನೆಯ ದಿನದ ಲೆಕ್ಕವನ್ನು ಹೊಸದಕ್ಕೆ ಸಾಗಿಸಿ ನೋಡುವುದು. ಟ್ರಯಲ್ ಬ್ಯಾಲೆನ್ಸ್ ರೂಪಾಯಿಗೆ ರೂಪಾಯಿ ಹೊಂದಬೇಕು. ಪ್ರತಿ ಗ್ರಾಹಕನ ಬಾಕಿ ಬೇರೆಬೇರೆಯಾಗಿ ತಾಳೆಯಾಗಬೇಕು. ಗೋದಾಮಿನ ಎಣಿಕೆ ಪರದೆಯ ಮೇಲಿನದಕ್ಕೆ ಸರಿಹೊಂದಬೇಕು. ಒಟ್ಟು ಮೊತ್ತ ಸರಿಯಿದ್ದು ಗ್ರಾಹಕರ ಬಾಕಿ ತಪ್ಪಿದ್ದರೆ ದತ್ತಾಂಶ ಇನ್ನೂ ಕೊಳೆಯಾಗಿದೆ ಎಂದೇ ಅರ್ಥ. ಅಂಥ ಸ್ಥಿತಿಯಲ್ಲಿ ಎರಡನೇ ಕಂತು ಬಿಡಬಾರದು, ತಾರೀಖು ಮುಂದೆ ಹೋಗಲಿ. ತಾರೀಖಿಗೂ ಏಪ್ರಿಲ್ 1ನ್ನೇ ಹಿಡಿದುಕೊಳ್ಳುವುದು ಬೇಡ. ಹೊಸ ಪುಸ್ತಕಕ್ಕೆ ಅದು ಅಚ್ಚುಕಟ್ಟು, ನಿಜ. ಆದರೆ ಮಾರ್ಚ್‌ನ ರವಾನೆ, ಸ್ಟಾಕ್ ಎಣಿಕೆ, ಆಡಿಟ್ ಎಲ್ಲ ಅದೇ ಜನರ ತಲೆಯ ಮೇಲಿರುತ್ತವೆ.

ಕೊನೆಗೆ ಕಾನೂನಿನದೊಂದು ಮಾತು. ನಿರ್ದೇಶಕರೊಬ್ಬರು ಮೇಲ್‌ಗೆ “ಓಕೆ” ಎಂದು ಉತ್ತರಿಸಿದರೆ ಅದು ಬೋರ್ಡಿನ ಒಪ್ಪಿಗೆಯಲ್ಲ. ಸಭೆ ಸೇರದೆ ಒಪ್ಪಿಗೆ ಪಡೆಯಲು 2013ರ ಕಂಪನಿ ಕಾಯ್ದೆಯ 175ನೇ ಕಲಮಿನಂತೆ ನಿರ್ಣಯದ ಕರಡನ್ನು ಕಾಗದಪತ್ರಗಳೊಂದಿಗೆ ಎಲ್ಲ ನಿರ್ದೇಶಕರಿಗೂ ಕಳಿಸಬೇಕು, ಮತ ಹಾಕುವ ಹಕ್ಕಿರುವವರಲ್ಲಿ ಹೆಚ್ಚಿನವರು ಒಪ್ಪಬೇಕು, ಮುಂದಿನ ಸಭೆಯ ನಡಾವಳಿಯಲ್ಲಿ ಅದು ದಾಖಲಾಗಬೇಕು. ಮೂರನೇ ಒಂದು ಪಾಲು ನಿರ್ದೇಶಕರು ಸಭೆಯಲ್ಲೇ ಚರ್ಚೆಯಾಗಲಿ ಎಂದರೆ ಅಧ್ಯಕ್ಷರು ಅದನ್ನು ಸಭೆಗೇ ತರಬೇಕು.