ನಕ್ಷೆಯ ಎಡ, ಗಾಡಿಯ ಎಡ

ಡೇಟಾ ಇಲ್ಲದ ಫೋನಿನವರಿಗೆ ದಾರಿ ಹೇಳಬೇಕಾದರೆ ಮ್ಯಾಪಿನ ಸ್ಕ್ರೀನ್‌ಶಾಟ್ ಕಳಿಸಿ ಕೈತೊಳೆದುಕೊಳ್ಳುವವರೇ ಹೆಚ್ಚು. ನೀಲಿ ಗೆರೆ ಚೆಂದವಾಗಿ ಕಾಣುತ್ತದೆ, ಆದರೆ ಎಲ್ಲಿ ತಿರುಗಬೇಕೆಂದು ಅದು ಬಾಯಿಬಿಟ್ಟು ಹೇಳುವುದಿಲ್ಲ. ಅದನ್ನು ನಾಲ್ಕು ಸಾಲಿನ ಬರಹ ಮಾಡಿ ಕೊಡುವುದೇ ಮೇಲು.

ಚಿಕ್ಕಮಗಳೂರಿನಿಂದ ಬೇಲೂರಿನ ಮೇಲೆ ಹಳೇಬೀಡಿಗೆ ಹೊರಟವರನ್ನು ನೆನೆಯಿರಿ. ನಕ್ಷೆಯಲ್ಲಿ ಉತ್ತರ ಮೇಲಿರುತ್ತದೆ. ಗೆರೆ ಬೇಲೂರಿನವರೆಗೆ ಕೆಳಗಿಳಿದು, ಅಲ್ಲಿಂದ ಬಲಗಡೆಗೆ ಹೊರಳುತ್ತದೆ. ನೋಡಿದವರು ‘ಬಲಕ್ಕೆ’ ಎಂದು ಬರೆದುಬಿಡುತ್ತಾರೆ. ಆದರೆ ದಕ್ಷಿಣಕ್ಕೆ ಮುಖ ಮಾಡಿ ಬರುವ ಗಾಡಿಗೆ ಪೂರ್ವ ಇರುವುದು ಎಡಗಡೆ. ಬರೆಯುವ ಮುನ್ನ ಫೋನನ್ನೇ ತಿರುಗಿಸಿ, ಬಂದ ದಾರಿ ನಿಮ್ಮ ಹೊಟ್ಟೆಯ ಕಡೆಗೆ ಇರುವಂತೆ ಹಿಡಿಯಿರಿ. ಅಕ್ಷರ ತಲೆಕೆಳಗಾದರೂ ಎಡಬಲ ಸರಿಹೋಗುತ್ತದೆ. ಒಂದೊಂದು ತಿರುವಿಗೂ ಹೀಗೆ ಮಾಡಬೇಕು.

ಮ್ಯಾಪಿನಲ್ಲೇ Steps ಒತ್ತಿದರೆ ತಿರುವುಗಳ ಪಟ್ಟಿ ಸಿಗುತ್ತದೆ, ಅದರ ಚಿತ್ರವೂ ಇರಲಿ. ಅಲ್ಲಿ ತಿರುವಿನ ಕೆಳಗಿರುವ ದೂರ ಆ ತಿರುವಿಗೆ ಮುಂಚಿನದಲ್ಲ, ತಿರುಗಿದ ಮೇಲೆ ಸಾಗಬೇಕಾದದ್ದು. ಇದನ್ನು ತಿರುಚಿ ಓದಿದರೆ ಇಡೀ ಬರಹ ಒಂದು ತಿರುವಿನಷ್ಟು ಜಾರುತ್ತದೆ. ‘ಆಗ್ನೇಯಕ್ಕೆ ಹೊರಡಿ’ ಎಂಬಂಥ ಸಾಲನ್ನು ಬಿಟ್ಟು, ಯಾವ ಊರಿನ ಬೋರ್ಡು ಹಿಡಿಯಬೇಕೆಂದು ಬರೆಯಿರಿ. ಹೆದ್ದಾರಿಯ ನಂಬರಿಗಿಂತ ಮುಂದಿನ ಊರಿನ ಹೆಸರು ದಾರಿಯಲ್ಲಿ ಕೇಳುವುದಕ್ಕೂ ಸುಲಭ.

ಕೊನೆಗೆ ಚೀಟಿ ಹೀಗಾಗುತ್ತದೆ:

‘ಚಿಕ್ಕಮಗಳೂರಿನಿಂದ ಬೇಲೂರು ರಸ್ತೆ ಹಿಡಿಯಿರಿ. ಸುಮಾರು 25 ಕಿ.ಮೀ. ಹೋದರೆ ಬೇಲೂರು. ಊರೊಳಗೆ ಹಳೇಬೀಡಿನ ದಾರಿ ಕೇಳಿಕೊಂಡು ಎಡಕ್ಕೆ ತಿರುಗಿ. ತಿರುಗಿದ ಮೇಲೆ ಸುಮಾರು 16 ಕಿ.ಮೀ. ಊರು ದಾಟಿ, ಬೋರ್ಡುಗಳಲ್ಲಿ ಹಾಸನವೇ ಕಾಣುತ್ತಿದ್ದರೆ ತಿರುವು ತಪ್ಪಿದೆ, ಬೇಲೂರಿಗೆ ವಾಪಸ್ ಬನ್ನಿ.’

ನನ್ನ ಮಟ್ಟಿಗೆ ಈ ಕೊನೆಯ ಸಾಲೇ ಚೀಟಿಯ ಜೀವ. ದಾರಿ ತಪ್ಪಿದ್ದು ಗೊತ್ತಾಗದೆ ಹೋಗುವವರೇ ದೂರ ಹೋಗಿಬಿಡುವುದು.

ಬರೆದಾದ ಮೇಲೆ ದೂರಗಳನ್ನೆಲ್ಲ ಕೂಡಿಸಿ. ಇಲ್ಲಿ 41 ಬರುತ್ತದೆ. ಸ್ಕ್ರೀನ್‌ಶಾಟಿನ ಒಟ್ಟು ದೂರವೂ ಅದರ ಆಸುಪಾಸಿನಲ್ಲಿರಬೇಕು. ತೀರಾ ಹೆಚ್ಚಿದ್ದರೆ ನಡುವಿನ ಸಾಲೊಂದು ತಪ್ಪಿದೆ ಎಂದರ್ಥ. ಉದ್ದದ ಪಟ್ಟಿಯನ್ನು ಎರಡು ಮೂರು ಚಿತ್ರಗಳಲ್ಲಿ ಹಿಡಿಯುವಾಗ ಹೀಗಾಗುತ್ತದೆ. ಮೊದಲ ಚಿತ್ರದ ಕಡೇ ಸಾಲು ಎರಡನೆಯದರಲ್ಲೂ ಬಂದಿರಲಿ. ಪ್ರಯಾಣದ ಹೊತ್ತನ್ನು ಮಾತ್ರ ನಂಬಿಕೊಳ್ಳಬೇಡಿ, ಅದು ಚಿತ್ರ ತೆಗೆದ ಗಳಿಗೆಯ ಲೆಕ್ಕ.

ವಾಪಸಿನ ದಾರಿಗೆ ಎಡಬಲ ಅದಲುಬದಲು ಮಾಡಿದರೆ ಊರಾಚೆಯ ರಸ್ತೆಯಲ್ಲಿ ನಡೆದೀತು. ಪೇಟೆಯೊಳಗೆ ಒನ್‌ವೇ ಇದ್ದರೆ ಕೆಡುತ್ತದೆ, ಅದಕ್ಕೆ ಬೇರೆ ಸ್ಕ್ರೀನ್‌ಶಾಟ್ ತೆಗೆದು ಬೇರೆ ಚೀಟಿಯನ್ನೇ ಬರೆಯಬೇಕು.